ಒಬ್ಬರ ಕೈಕೆಲಸ ಏಜೆನ್ಸಿಯಾದಾಗ: ಹೋಮ್‌ಸ್ಟೇ ವೆಬ್‌ಸೈಟ್ ಪ್ಯಾಕೇಜಿನ ಒಂದು ಪ್ರಕರಣ

ಮಲೆನಾಡಿನ ಒಂದು ಜಿಲ್ಲಾ ಕೇಂದ್ರದಲ್ಲಿ ಮನೆಯಿಂದಲೇ ವೆಬ್‌ಸೈಟ್ ಮಾಡಿಕೊಡುತ್ತಿದ್ದ ಒಬ್ಬರು, 2022ರಿಂದ 2024ರ ನಡುವೆ ಸಣ್ಣ ಏಜೆನ್ಸಿ ಕಟ್ಟಿದರು. ಅವರ ಲೆಕ್ಕಪತ್ರ ನೋಡಿಕೊಳ್ಳುವವನು ನಾನು, ಹಾಗಾಗಿ ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಕಣ್ಣಮುಂದೆಯೇ ಇತ್ತು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬೇಡ ಅಂದರು, ಇಲ್ಲಿ ಮೇಘಾ ಅಂತ ಕರೆಯೋಣ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ, ಹೆಚ್ಚಿನ ಮೊತ್ತಗಳನ್ನು ಹತ್ತಿರದ ಸಾವಿರಕ್ಕೆ ಇಳಿಸಿದ್ದೇನೆ.

ಹಿನ್ನೆಲೆ

ಮೇಘಾ ವೆಬ್‌ಸೈಟ್ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್‌ನಲ್ಲಿ ಪಳಗಿದವರು. ಡಿಸೈನ್ ಅವರದೇ, ಕೋಡ್ ಅವರದೇ, ಫೋಟೋ ತಿದ್ದುವುದು, ಪಠ್ಯ ಬರೆಯುವುದು, ಗಿರಾಕಿಯ ಫೋನ್ ಎತ್ತುವುದು, ಎಲ್ಲವೂ ಅವರೇ. ದಂತವೈದ್ಯರು, ಪುಟ್ಟ ಶಾಲೆ, ಬಟ್ಟೆ ಅಂಗಡಿ, ಹೋಮ್‌ಸ್ಟೇ, ಯಾರು ಬಂದರೂ ಮಾಡಿಕೊಡುತ್ತಿದ್ದರು. ಪ್ರತಿ ಕೆಲಸಕ್ಕೂ ಬೇರೆ ಬೇರೆ ದರ. 18,000ದಿಂದ 60,000ದವರೆಗೂ ಕೊಟೇಶನ್ ಹೋಗಿತ್ತು. ಯಾವ ಆಧಾರದ ಮೇಲೆ ಅಂತ ಕೇಳಿದರೆ ಅವರಿಗೂ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಗಿರಾಕಿ ಎಷ್ಟು ಕೊಡಬಹುದು ಅನ್ನೋ ಅಂದಾಜಿನ ಮೇಲೆ, ಅಷ್ಟೇ.

ತಿಂಗಳಿಗೆ ಎರಡು ಸೈಟ್ ಮುಗಿಯುತ್ತಿತ್ತು. ಖರ್ಚು ಕಳೆದು ಸುಮಾರು 60,000 ಕೈಗೆ ಬರುತ್ತಿತ್ತು. ಅವರು ಕೆಲಸ ಮಾಡುತ್ತಿದ್ದ ಗಂಟೆಗಳಿಗೆ ಹಂಚಿದರೆ ಗಂಟೆಗೆ 600ರ ಆಸುಪಾಸು. ಊರಿನಲ್ಲಿ ಕೂತು ಇಷ್ಟು ಬಂದರೆ ಕೆಟ್ಟದ್ದೇನಲ್ಲ. ಆದರೆ ಜ್ವರ ಬಂದರೆ ಆ ವಾರ ಆದಾಯ ಇಲ್ಲ. ಜೊತೆಗೆ ಕೋವಿಡ್ ಕಳೆದ ಮೇಲೆ ಹೋಮ್‌ಸ್ಟೇಗಳಿಂದ ವಿಚಾರಣೆ ಜಾಸ್ತಿಯಾಗಿ, ವಾರಕ್ಕೆ ಒಂದೆರಡು ಕೆಲಸಕ್ಕಾದರೂ ಆಗಲ್ಲ ಅನ್ನಬೇಕಾಗಿ ಬಂತು.

ಮೊದಲ ಪ್ರಯತ್ನ: ಸುಮ್ನೆ ಹಂಚಿಬಿಡೋದು

ಎಲ್ಲರೂ ಮೊದಲು ಮಾಡುವುದನ್ನೇ ಅವರೂ ಮಾಡಿದರು. ಬಂದ ಕೆಲಸವನ್ನೆಲ್ಲ ಒಪ್ಪಿಕೊಂಡು ಬೇರೆಯವರಿಗೆ ಹಂಚಿದರು. ಪರಿಚಯದ ಒಬ್ಬ ಡೆವಲಪರ್ ಇದ್ದರು, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಬರೆಯುವ ಒಬ್ಬ ಗೃಹಿಣಿ ಸಿಕ್ಕರು, ಮದುವೆ ಫೋಟೋ ತೆಗೆಯುವ ಹುಡುಗನೊಬ್ಬ ಬಂದ.

ಮೂರು ತಿಂಗಳ ಮೇಲೆ ನನ್ನ ಹತ್ತಿರ ಬಂದು, "ಸರ್, ಹೋದ ವರ್ಷಕ್ಕಿಂತ ಜಾಸ್ತಿ ಬಿಲ್ ಮಾಡಿದ್ದೀನಿ, ಅಕೌಂಟಲ್ಲಿ ಮಾತ್ರ ಏನೂ ನಿಲ್ತಿಲ್ಲ" ಅಂದರು.

ಒಂದು ಕೆಲಸವನ್ನು ಆಯ್ದು ಬಿಡಿಸಿ ನೋಡಿದೆವು. ಗಿರಾಕಿಯಿಂದ ಬಂದದ್ದು 30,000. ಡೆವಲಪರ್‌ಗೆ 12,000, ಬರಹಕ್ಕೆ 4,000, ಫೋಟೋ ಮತ್ತು ಓಡಾಟಕ್ಕೆ 7,000. ಉಳಿದದ್ದು 7,000. ಪರವಾಗಿಲ್ಲ, ಕೈ ಕೆಲಸ ಇಲ್ಲದೆ ಬಂದ ದುಡ್ಡು ಅಲ್ವಾ ಅಂತ ಅವರ ಲೆಕ್ಕ. ಹಾಗಾದರೆ ನಿಮ್ಮ ಗಂಟೆ ಬರೆದಿಡಿ ಅಂದೆ. ಮುಂದಿನ ಅದೇ ಥರದ ಕೆಲಸಕ್ಕೆ ಬರೆದಿಟ್ಟರು. 22 ಗಂಟೆ. ಡೆವಲಪರ್‌ಗೆ ಏನು ಬೇಕು ಅಂತ ವಿವರಿಸಲು 6, ಮಾಲೀಕರ ಹಿಂದೆ ಬಿದ್ದು ಫೋಟೋ, ಮಾಹಿತಿ ತರಿಸಲು 5, ತಪ್ಪು ತಿದ್ದಲು 4, ಉಳಿದದ್ದು ಫೋನು, ಮೆಸೇಜು, ಸೈಟ್ ಒಪ್ಪಿಸುವುದು. ಅಂದರೆ ಗಂಟೆಗೆ 320 ರೂಪಾಯಿ. ತಾವೇ ಕೂತು ಮಾಡಿದಾಗ ಸಿಗುತ್ತಿದ್ದದ್ದರ ಅರ್ಧ ಚಿಲ್ಲರೆ.

ಇಲ್ಲಿ ಗಮನಿಸಬೇಕಾದದ್ದು ಆ 6 ಗಂಟೆ. ಪ್ರತಿ ಸೈಟೂ ಹೊಸದಾದರೆ ಪ್ರತಿ ಸಲವೂ ಹೊಸದಾಗಿ ವಿವರಿಸಬೇಕು. ತಲೆಯಲ್ಲಿರುವ ಡಿಸೈನನ್ನು ಇನ್ನೊಬ್ಬರಿಗೆ ದಾಟಿಸುವುದರ ಬದಲು ತಾವೇ ಮಾಡಿದರೆ ಬೇಗ ಆಗುತ್ತೆ ಅಂತ ಎಲ್ಲ ಒಳ್ಳೆ ಕೆಲಸಗಾರರೂ ಹೇಳುತ್ತಾರೆ. ಅದು ನಿಜ ಕೂಡ, ಕೆಲಸ ಪ್ರತಿ ಸಲ ಬೇರೆಯಾಗಿ ಇರುವವರೆಗೆ. ಹಾಗಾಗಿ ಜನ ಸೇರಿಸುವ ಮೊದಲು ಕೆಲಸವನ್ನೇ ಕಟ್ಟಿಹಾಕಬೇಕಿತ್ತು.

ಪ್ಯಾಕೇಜ್ ಕಟ್ಟಿದ ಬಗೆ

ಮೊದಲ ತೀರ್ಮಾನ, ಹೋಮ್‌ಸ್ಟೇ ಬಿಟ್ಟು ಬೇರೆ ಹೊಸ ಗಿರಾಕಿ ಬೇಡ. ಹಳೆ ದಂತವೈದ್ಯರನ್ನು ಹಾಗೇ ಉಳಿಸಿಕೊಂಡರು. ಇದಕ್ಕೆ ಮನೆಯಲ್ಲಿ ವಿರೋಧ ಬಂತು, ಬರುವ ಲಕ್ಷ್ಮಿಗೆ ಬಾಗಿಲು ಹಾಕ್ತೀಯಾ ಅಂತ. ಆದರೆ ಹೋಮ್‌ಸ್ಟೇ ಸೈಟುಗಳಿಗೆ ಬೇಕಾದದ್ದು ಹತ್ತರಲ್ಲಿ ಒಂಬತ್ತು ಪಾಲು ಒಂದೇ: ರೂಮು, ಊಟ, ಸುತ್ತಮುತ್ತ ನೋಡುವ ಜಾಗ, ತಲುಪುವ ದಾರಿ, ದರ, ಸಂಪರ್ಕ.

ಮಳೆಗಾಲದಲ್ಲಿ ಹೊಸ ಕೆಲಸ ಕಮ್ಮಿ. ಆ ಸಮಯದಲ್ಲಿ ಅವರು ಒಂದು ಮೂಲ ಸೈಟ್ ಕಟ್ಟಿದರು. ಅದೇ ಎಲ್ಲ ಗಿರಾಕಿಗಳ ಸೈಟಿಗೂ ಅಚ್ಚು. ಬಣ್ಣ, ಅಕ್ಷರ, ಫೋಟೋ, ವಿಭಾಗಗಳ ಕ್ರಮ ಬದಲಾಗಬಹುದು, ರಚನೆ ಬದಲಾಗಲ್ಲ. ಆಮೇಲೆ ಡೆವಲಪರ್‌ಗೆ ವಿವರಿಸಲು ಒಂದು ಪುಟದ ಚೀಟಿ ಸಾಕಾಯಿತು: ಯಾವ ಬಣ್ಣ, ಯಾವ ವಿಭಾಗ ಬೇಕು, ಯಾವುದು ಬೇಡ, ಫೋಟೋ ಯಾವ ಫೋಲ್ಡರಿನಲ್ಲಿದೆ. ಆ 6 ಗಂಟೆ ಹೋಗಿದ್ದು ಇಲ್ಲಿಯೇ.

ದರ ಕಟ್ಟುವಾಗ ಕೆಳಗಿನಿಂದ ಮೇಲಕ್ಕೆ ಹೋದೆವು. ಪೂರ್ತಿ ಪ್ಯಾಕೇಜಿನಲ್ಲಿ ಆರು ಪುಟ, ಕನ್ನಡ ಮತ್ತು ಇಂಗ್ಲಿಷ್ ಪಠ್ಯ, ಫೋಟೋಗ್ರಾಫರ್‌ನ ಒಂದು ದಿನದ ಭೇಟಿ, ತಿದ್ದಿದ 25 ಫೋಟೋ, ವಾಟ್ಸಾಪ್ ಬಟನ್, ಗೂಗಲ್ ಮ್ಯಾಪಿನಲ್ಲಿ ಜಾಗದ ವಿವರ ಸರಿಪಡಿಸುವುದು, ಎರಡು ಸುತ್ತು ತಿದ್ದುಪಡಿ. ಇದಕ್ಕೆ ಫೋಟೋ ಮತ್ತು ಓಡಾಟ 11,000, ಬರಹ 5,000, ಡೆವಲಪರ್ 9,000, ಪ್ಲಗಿನ್ ಲೈಸೆನ್ಸಿನ ಪಾಲು 1,000, ಒಟ್ಟು 26,000. ಮೇಘಾ ಅವರ ಸ್ವಂತ ಸಮಯ 14 ಗಂಟೆಗೆ ಇಳಿಯಬೇಕು ಅಂತ ಗುರಿ ಇಟ್ಟುಕೊಂಡು, ಅದಕ್ಕೂ ಕೂಲಿ ಹಾಕಿ, ಮೇಲೆ ಸ್ವಲ್ಪ ಲಾಭ ಸೇರಿಸಿ, ದರ 45,000 ಅಂತ ನಿಂತಿತು. ಉಳಿಯುವುದು 19,000. ಗಂಟೆಗೆ 1,300 ದಾಟುತ್ತದೆ.

30,000ಕ್ಕೆ ಮಾಡುತ್ತಿದ್ದದ್ದನ್ನು 45,000 ಅಂದರೆ ಯಾರು ಬರುತ್ತಾರೆ ಅನ್ನುವ ಭಯ ಇತ್ತು. ಕೆಲವರು ಹೋದರು. ಉಳಿದವರಲ್ಲಿ ಚೌಕಾಸಿ ವಿಚಿತ್ರವಾಗಿ ಕಮ್ಮಿಯಾಯಿತು, ಯಾಕೆಂದರೆ ಕಾಗದದಲ್ಲಿ ಏನು ಸಿಗುತ್ತೆ ಅಂತ ಬರೆದಿತ್ತು, ಫೋಟೋಗ್ರಾಫರ್ ಸೇರಿ. ಬುಕಿಂಗ್ ಆ್ಯಪ್‌ಗಳಿಗೆ ಕಮಿಷನ್ ಕಟ್ಟಿ ಬೇಸತ್ತ ಮಾಲೀಕರು ಎಷ್ಟು ರೂಮು ನೇರವಾಗಿ ಬುಕ್ ಆದರೆ ಇದು ವಸೂಲಿ ಅಂತ ತಾವೇ ಲೆಕ್ಕ ಹಾಕಿಕೊಳ್ಳುತ್ತಿದ್ದರು.

ಇದರ ಜೊತೆ 22,000ದ ಸಣ್ಣ ಪ್ಯಾಕೇಜ್ ಇಟ್ಟರು, ಮಾಲೀಕರದೇ ಫೋಟೋ, ಒಂದೇ ಭಾಷೆ. ವರ್ಷಕ್ಕೆ 9,600ರ ನಿರ್ವಹಣೆ ಪ್ಯಾಕೇಜನ್ನೂ ಇಟ್ಟರು: ಬ್ಯಾಕಪ್, ಅಪ್‌ಡೇಟ್, ತಿಂಗಳಿಗೆ ಎರಡು ಸಣ್ಣ ಬದಲಾವಣೆ. ಈ ಮೂರನೆಯದು ಬಂದ ಮೇಲೆ ಶನಿವಾರ ರಾತ್ರಿ ಒಂಬತ್ತಕ್ಕೆ "ಮೇಡಂ, ದರ ಸ್ವಲ್ಪ ಚೇಂಜ್ ಮಾಡ್ಬೇಕಿತ್ತು" ಅನ್ನುವ ಫೋನುಗಳಿಗೆ ಒಂದು ದಾರಿ ಆಯಿತು. ಪ್ಯಾಕೇಜ್ ತೆಗೆದುಕೊಂಡವರಿಗೆ ಸೋಮವಾರ ಮಾಡಿಕೊಡುವುದು, ತೆಗೆದುಕೊಳ್ಳದವರಿಗೆ ಬೇರೆ ಬಿಲ್ಲು.

ಎಲ್ಲಿ ಸಿಕ್ಕಿಹಾಕಿಕೊಂಡಿತು

ಮೊದಲ ನಾಲ್ಕು ಪೂರ್ತಿ ಪ್ಯಾಕೇಜುಗಳಲ್ಲಿ ಒಂದೂ ಹೇಳಿದ ಸಮಯಕ್ಕೆ ಮುಗಿಯಲಿಲ್ಲ. ಕೆಲಸಗಾರರು ಸಿದ್ಧರಿದ್ದರು, ಮಾಲೀಕರಿಂದ ಮಾಹಿತಿಯೇ ಬಂದಿರಲಿಲ್ಲ. ಮೇಘಾ ನಲವತ್ತು ಪ್ರಶ್ನೆಯ ಇಂಗ್ಲಿಷ್ ಫಾರ್ಮ್ ಕಳಿಸುತ್ತಿದ್ದರು. ಕಾಫಿ ತೋಟ, ಕೂಲಿಯಾಳು, ಅಡುಗೆಮನೆ, ಬಂದ ಅತಿಥಿಗಳ ನಡುವೆ ಯಾರು ತುಂಬುತ್ತಾರೆ ಹೇಳಿ? ಮಳೆ ಜೋರಾದರೆ ಎಷ್ಟೋ ಎಸ್ಟೇಟುಗಳಲ್ಲಿ ಕರೆಂಟ್ ಹೋಗಿ ನೆಟ್‌ವರ್ಕೂ ಇರಲ್ಲ. "ಎಂಜಾಯ್ ನೇಚರ್ ಅಂತ ಏನಾದ್ರೂ ಹಾಕಿ ಮೇಡಂ" ಅಂತ ಒಬ್ಬರು ಉತ್ತರ ಕೊಟ್ಟು ಮುಗಿಸಿದರು.

ಬರಹಗಾರ್ತಿ ಒಂದು ಉಪಾಯ ಹೇಳಿದರು. ಫಾರ್ಮ್ ಬೇಡ, ನಾನೇ ಅರ್ಧ ಗಂಟೆ ಫೋನ್ ಮಾಡ್ತೀನಿ, ಉಳಿದದ್ದು ವಾಟ್ಸಾಪ್ ವಾಯ್ಸ್ ಮೆಸೇಜಿನಲ್ಲಿ ಕನ್ನಡದಲ್ಲೇ ಹೇಳಲಿ. ಸಕಲೇಶಪುರದ ಕಡೆಯ ಒಬ್ಬ ಮಾಲೀಕರು ಹಾಗೆ ಮಾತಾಡುತ್ತಾ, "ಹಿಂದಿನ ರೂಮು ಅಷ್ಟು ಚೆನ್ನಾಗಿಲ್ಲ ಅಕ್ಕಾ, ಪಕ್ಕದಲ್ಲೇ ಹಳ್ಳ, ಮಳೆಗಾಲದಲ್ಲಿ ಆ ಸದ್ದಿಗೆ ನಿದ್ದೆ ಬರಲ್ಲ ಅಂತಾರೆ ಕೆಲವರು" ಅಂದರು. ಬರಹಗಾರ್ತಿ ಅದನ್ನು ಮುಚ್ಚಿಡದೆ ಆ ರೂಮಿನ ವಿವರದಲ್ಲೇ ಹಾಕಿದರು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಾತ್ರಿಯಿಡೀ ಹಳ್ಳದ ಸದ್ದು ಕೇಳುತ್ತದೆ, ಸದ್ದಾಗದ ಜಾಗ ಬೇಕಿದ್ದರೆ ಮುಂದಿನ ರೂಮು ಕೇಳಿ. ಆ ವರ್ಷ ಮಳೆಗಾಲದಲ್ಲಿ ಹಳ್ಳದ ರೂಮೇ ಬೇಕು ಅಂತ ಕೇಳುವವರು ಶುರುವಾದರು. ನಲವತ್ತು ಪ್ರಶ್ನೆಯಲ್ಲಿ ಇದು ಯಾವತ್ತೂ ಹೊರಗೆ ಬರುತ್ತಿರಲಿಲ್ಲ.

ಇದರ ಜೊತೆಗೆ ಒಪ್ಪಂದದಲ್ಲಿ ಒಂದು ವಾಕ್ಯ ಬದಲಾಯಿತು. ಮೊದಲು "ಮುಂಗಡ ಬಂದ 21 ದಿನದಲ್ಲಿ ಸೈಟ್" ಅಂತಿತ್ತು. ಈಗ "ಫೋನ್ ಮಾತುಕತೆ ಮತ್ತು ಫೋಟೋ ಭೇಟಿ ಎರಡೂ ಮುಗಿದ 21 ಕೆಲಸದ ದಿನದಲ್ಲಿ" ಅಂತಾಯಿತು. ಹಣವೂ ಅದೇ ಹಂತಗಳಿಗೆ ಕಟ್ಟಿಕೊಂಡಿತು, ಶುರುವಿಗೆ ಅರ್ಧ, ಮೊದಲ ಕರಡು ಒಪ್ಪಿದಾಗ ನೂರಕ್ಕೆ 30, ಸೈಟ್ ಹೊರಬರುವ ಮೊದಲು 20. ಕೊನೆಯ ಕಂತನ್ನು ಸೈಟ್ ಹೊರಬಂದ ಮೇಲೆ ಕೇಳುತ್ತಿದ್ದಾಗ ಎರಡು ಕಡೆ ಬಾಕಿ ಉಳಿದಿತ್ತು. ಒಂದು ಇವತ್ತಿಗೂ ಬಂದಿಲ್ಲ.

ಸಣ್ಣ ಪ್ಯಾಕೇಜ್ ಇನ್ನೊಂದು ಪಾಠ. ಕಾಗದದ ಮೇಲೆ 22,000ದಲ್ಲಿ 12,000 ಉಳಿಯಬೇಕು, 8 ಗಂಟೆ ಹಿಡಿಯಬೇಕು. ಬರೆದಿಟ್ಟ ಗಂಟೆ ನೋಡಿದರೆ 19. ಮೊಬೈಲಿನಲ್ಲಿ ತೆಗೆದ ಕತ್ತಲೆ ಫೋಟೋಗಳು ಬರುತ್ತಿದ್ದವು, ಅದನ್ನು ಎಷ್ಟು ತಿದ್ದಿದರೂ ಸೈಟ್ ಚೆನ್ನಾಗಿ ಕಾಣುತ್ತಿರಲಿಲ್ಲ, ಚೆನ್ನಾಗಿಲ್ಲ ಅಂತ ಗಿರಾಕಿ ಮತ್ತೆ ಮತ್ತೆ ಬದಲಾವಣೆ ಕೇಳುತ್ತಿದ್ದರು. ಎರಡನೇ ವರ್ಷ ಅದನ್ನು ಕೈಬಿಟ್ಟರು. ಪ್ಯಾಕೇಜ್ ಅಂದರೆ ಮೂರು ಮೆಟ್ಟಿಲು ಇರಲೇಬೇಕು ಅಂತ ಎಲ್ಲರೂ ಹೇಳುತ್ತಾರಲ್ಲ, ಇಲ್ಲಿ ಕೆಳಗಿನ ಮೆಟ್ಟಿಲೇ ಹೆಚ್ಚು ಸಮಯ ತಿಂದು ಕಮ್ಮಿ ದುಡ್ಡು ಕೊಟ್ಟಿತು.

ಡೆವಲಪರ್ ಕಾಣೆಯಾದದ್ದು

ಆರನೇ ಸೈಟ್ ನಡೆಯುತ್ತಿದ್ದಾಗ ಡೆವಲಪರ್‌ಗೆ ಬೆಂಗಳೂರಿನಲ್ಲಿ ಪೂರ್ಣಾವಧಿ ಕೆಲಸ ಸಿಕ್ಕಿತು. ಮೊದಲು ಫೋನ್ ಎತ್ತುವುದು ತಡವಾಯಿತು, ಆಮೇಲೆ ನಿಂತೇಹೋಯಿತು. ಕೆಟ್ಟ ಮನುಷ್ಯನೇನಲ್ಲ, ಹೊಸ ಕೆಲಸದಲ್ಲಿ ಮುಳುಗಿದ್ದ. ಆದರೆ ಎರಡು ಸೈಟುಗಳನ್ನು ಇಟ್ಟಿದ್ದ ಸರ್ವರಿನ, ಅಂದರೆ ಹೋಸ್ಟಿಂಗಿನ, ಲಾಗಿನ್ ಅವನ ಇಮೇಲಿನಲ್ಲಿತ್ತು, ಒಂದು ಡೊಮೇನ್ ಅವನ ಹೆಸರಿನಲ್ಲೇ ನೋಂದಣಿಯಾಗಿತ್ತು. ಆ ಡೊಮೇನಿನ ನವೀಕರಣ ತಪ್ಪಿದ್ದರೆ ಗಿರಾಕಿಯ ಕಾರ್ಡು, ಬೋರ್ಡು ಎಲ್ಲದರ ಮೇಲಿದ್ದ ವಿಳಾಸವೇ ಹೋಗುತ್ತಿತ್ತು. ಹತ್ತು ದಿನ ಓಡಾಡಿ, ಕೊನೆಗೆ ಅವನ ಅಣ್ಣನನ್ನು ಹಿಡಿದು ವರ್ಗಾವಣೆ ಮಾಡಿಸಿಕೊಂಡರು.

ಈ ಪ್ರಕರಣದ ದೊಡ್ಡ ತಿರುವು ನನ್ನ ಪ್ರಕಾರ ಇದೇ. ಅಲ್ಲಿಯವರೆಗೆ ಮೇಘಾ ಕೆಲಸ ಹಂಚುವ ಫ್ರೀಲ್ಯಾನ್ಸರ್ ಆಗಿದ್ದರು, ಆಮೇಲೆ ಏಜೆನ್ಸಿಯ ಥರ ಯೋಚಿಸತೊಡಗಿದರು. ಡೊಮೇನ್ ಯಾವಾಗಲೂ ಗಿರಾಕಿಯ ಹೆಸರಿನಲ್ಲಿ. ಹೋಸ್ಟಿಂಗ್ ಏಜೆನ್ಸಿಯ ಖಾತೆಯಲ್ಲಿ. ಡೆವಲಪರ್‌ಗೆ ಬೇರೆ ಯೂಸರ್ ಐಡಿ, ಕೆಲಸ ಮುಗಿದ ದಿನ ಅದು ರದ್ದು. ಪ್ರತಿ ಪಾತ್ರಕ್ಕೂ ಎರಡನೆಯ ಒಬ್ಬರು, ಅವರಿಗೆ ನಾಲ್ಕು ಸೈಟಿಗೆ ಒಂದಾದರೂ ಕೊಡಬೇಕು. ಸುಮ್ನೆ ನಂಬರ್ ಇಟ್ಟುಕೊಂಡರೆ ಕಷ್ಟಕಾಲದಲ್ಲಿ ಅವರು ಬರಲ್ಲ.

ಪ್ರತಿ ಕೆಲಸಕ್ಕೂ ಒಂದು ಪುಟದ ವರ್ಕ್ ಆರ್ಡರ್ ಶುರುವಾಯಿತು. ಅದರಲ್ಲಿ ಹಕ್ಕಿನ ವಿಷಯವನ್ನು ವಕೀಲರೊಬ್ಬರು ಸೇರಿಸಿದರು. ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ, ಸಂಬಳದ ನೌಕರನಲ್ಲದವನು ಬರೆದ ಪಠ್ಯಕ್ಕೆ ಅಥವಾ ಕೋಡಿಗೆ ಸಾಮಾನ್ಯವಾಗಿ ಅವನೇ ಮೊದಲ ಒಡೆಯ. ದುಡ್ಡು ಕೊಟ್ಟ ಮಾತ್ರಕ್ಕೆ ಹಕ್ಕು ಬರಲ್ಲ, ಲಿಖಿತ ವರ್ಗಾವಣೆ ಬೇಕು. ಆ ಕಾಗದದಲ್ಲಿ ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ ಐದು ವರ್ಷ ಅಂತಲೂ, ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ ಅಂತಲೂ ಕಾನೂನು ಭಾವಿಸುತ್ತದೆ. ಹಾಗಾಗಿ ಎರಡನ್ನೂ ಬಿಡಿಸಿ ಬರೆದರು. ಫೋಟೋಗಳಿಗೆ ನಿಯಮ ಬೇರೆ, ದುಡ್ಡು ಕೊಟ್ಟು ತೆಗೆಸಿದವರೇ ಸಾಮಾನ್ಯವಾಗಿ ಒಡೆಯರು. ಇಲ್ಲಿ ತೆಗೆಸಿದ್ದು ಏಜೆನ್ಸಿ, ಆದ್ದರಿಂದ ಅಲ್ಲಿಂದ ಮಾಲೀಕರಿಗೆ ಬರೆದುಕೊಡುವುದೂ ಒಪ್ಪಂದದಲ್ಲಿ ಸೇರಿತು.

ಇನ್ನೊಂದು ಭಯ, ಕೆಲಸಗಾರರು ಗಿರಾಕಿಯನ್ನೇ ಎತ್ತಿಕೊಂಡು ಹೋದರೆ? ಒಮ್ಮೆ ಆಯಿತು ಕೂಡ. ಮಾಲೀಕರೊಬ್ಬರು ಫೋಟೋಗ್ರಾಫರ್‌ಗೆ ಮುಂದಿನ ಸಲ ನೇರ ಬನ್ನಿ ಅಂದರು. ಕೆಲಸಗಾರರು ಮೂರು ವರ್ಷ ಈ ಗಿರಾಕಿಗಳ ಜೊತೆ ಕೆಲಸ ಮಾಡುವಂತಿಲ್ಲ ಅಂತ ಬರೆಸಿಕೊಳ್ಳಲು ಮೇಘಾ ಹೊರಟಿದ್ದರು. ವಕೀಲರು ಬೇಡ ಅಂದರು. ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಒಬ್ಬರ ದುಡಿಮೆಗೆ ತಡೆ ಹಾಕುವ ಕರಾರು ಅನೂರ್ಜಿತ, ಒಪ್ಪಂದ ಮುಗಿದ ಮೇಲಿನ ಇಂಥ ತಡೆ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಮೇಘಾ ಬೇರೆ ದಾರಿ ಹಿಡಿದರು. ಕೆಲಸ ಒಪ್ಪಿದ ಏಳು ದಿನದೊಳಗೆ ದುಡ್ಡು ಹಾಕಿಬಿಡುವುದು, ಗಿರಾಕಿಯಿಂದ ಬಂದಿರಲಿ ಬಿಡಲಿ. ಬರೀ ಫೋಟೋ ಬೇಕಿದ್ದವರ ಹತ್ತಿರ ಫೋಟೋಗ್ರಾಫರ್ ನೇರ ಹೋಗಲಿ, ಸೈಟಿನ ಮಾತು ಬಂದರೆ ನಮಗೆ ಹೇಳಲಿ. ಮದುವೆ ಮನೆಯವರ ಹಿಂದೆ ಆರು ತಿಂಗಳು ಬಾಕಿಗೆ ಅಲೆಯುವ ಹುಡುಗನಿಗೆ ಏಳು ದಿನದ ಪೇಮೆಂಟ್ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಅವನ ಮೂಲಕವೇ ಮೂರು ಹೊಸ ಗಿರಾಕಿ ಬಂದರು.

ಆದರೆ ಇದಕ್ಕೆ ಕೈಯಲ್ಲಿ ಹಣ ಬೇಕು. ಒಂದೂವರೆ ಸೈಟಿನ ಖರ್ಚು, ಸುಮಾರು 40,000, ಬೇರೆ ಖಾತೆಯಲ್ಲಿ ಸದಾ ಇರಬೇಕು ಅಂತ ನಾನು ಹಟ ಹಿಡಿದೆ.

ತೆರಿಗೆ ಎಂಬ ಗೋಡೆ

ಮೊದಲ ವರ್ಷ ಪೂರ್ತಿ ಪ್ಯಾಕೇಜ್ ತಿಂಗಳಿಗೆ ಸರಾಸರಿ ಮೂರು, ಸಣ್ಣದು ಒಂದು, ನಿರ್ವಹಣೆ ಪ್ಯಾಕೇಜಿಗೆ ಇಪ್ಪತ್ತು ಗಿರಾಕಿ. ಎಲ್ಲ ಕೂಡಿಸಿದರೆ 20 ಲಕ್ಷ ದಾಟುವುದು ಜನವರಿಯಲ್ಲೇ ಕಾಣಿಸಿತು. ಸೇವೆ ಕೊಡುವವರಿಗೆ ನಮ್ಮಲ್ಲಿ ಜಿಎಸ್‌ಟಿ ನೋಂದಣಿಯ ಮಿತಿ 20 ಲಕ್ಷ. ಅದು ಒಟ್ಟು ವಹಿವಾಟಿನ ಮೇಲೆ, ಕೈಯಲ್ಲಿ ಉಳಿದದ್ದರ ಮೇಲೆ ಅಲ್ಲ. ಕೆಲಸಗಾರರಿಗೆ ದಾಟಿಹೋಗುವ ಅರ್ಧಕ್ಕಿಂತ ಜಾಸ್ತಿ ಹಣವೂ ನಿಮ್ಮ ವಹಿವಾಟೇ. ಒಬ್ಬರೇ ದುಡಿಯುವಾಗ ಈ ಗೋಡೆ ದೂರ ಇರುತ್ತದೆ, ಏಜೆನ್ಸಿಯಾದರೆ ಬೇಗ ಎದುರಾಗುತ್ತದೆ.

ಶೇಕಡಾ 18 ಸೇರಿಸಿದರೆ 45,000 ಹೋಗಿ 53,100 ಆಗುತ್ತದೆ. ದೊಡ್ಡ ಕಂಪನಿಗೆ ಅದು ತೊಂದರೆಯಲ್ಲ, ಕ್ರೆಡಿಟ್ ತೆಗೆದುಕೊಳ್ಳುತ್ತಾರೆ, ಅಂದರೆ ಕೊಟ್ಟ ಆ ತೆರಿಗೆಯನ್ನು ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುತ್ತಾರೆ. ಈ ಹೋಮ್‌ಸ್ಟೇ ಮಾಲೀಕರಲ್ಲಿ ಹೆಚ್ಚಿನವರಿಗೆ ಜಿಎಸ್‌ಟಿ ನಂಬರೇ ಇಲ್ಲ, ಅವರಿಗೆ ಅದು ಬರೀ ದರ ಏರಿಕೆ. ಇತ್ತ ಕೆಲಸಗಾರರೂ ನೋಂದಾಯಿಸಿದವರಲ್ಲ, ಹಾಗಾಗಿ ಅವರಿಗೆ ಕೊಟ್ಟ ಹಣದ ಮೇಲೆ ಮೇಘಾ ಅವರಿಗೂ ಕ್ರೆಡಿಟ್ ಇಲ್ಲ. ಎರಡೂ ಕಡೆಯಿಂದ ಪೆಟ್ಟು. ಕೊನೆಗೆ ಎಲ್ಲ ಸೇರಿ 52,000 ಅಂತ ಒಂದೇ ಸಂಖ್ಯೆ ಇಟ್ಟರು. ತೆರಿಗೆ ಕಳೆದರೆ 44,000 ಚಿಲ್ಲರೆ, ಉಳಿಯುವುದು 18,000. ಸೈಟಿಗೆ ಒಂದು ಸಾವಿರ ಬಿಟ್ಟುಕೊಟ್ಟಂತಾಯಿತು.

ಆದಾಯ ತೆರಿಗೆಯಲ್ಲೂ ಇದೇ ಥರದ ಗಂಟು. ಅಲ್ಲಿಯವರೆಗೆ ಆಗಿನ ಆದಾಯ ತೆರಿಗೆ ಕಾಯ್ದೆಯ 44ಎಡಿಎ ಸೆಕ್ಷನ್ ಅಡಿಯಲ್ಲಿ ಬಂದದ್ದರ ಅರ್ಧ ಲಾಭ ಅಂತ ತೋರಿಸಿ ಸುಲಭವಾಗಿ ರಿಟರ್ನ್ ಹಾಕುತ್ತಿದ್ದರು. ಒಬ್ಬರೇ ಇದ್ದಾಗ ಅದು ಲಾಭದ್ದೇ, ಖರ್ಚು ಅಷ್ಟಿರಲ್ಲ. ಈಗ 45,000ದಲ್ಲಿ 26,000 ಹೊರಗೆ ಹೋಗುತ್ತದೆ, ನಿಜವಾದ ಲಾಭ ಅರ್ಧಕ್ಕಿಂತ ಕಮ್ಮಿ. ಅರ್ಧಕ್ಕಿಂತ ಕಮ್ಮಿ ತೋರಿಸಬೇಕಾದರೆ ಲೆಕ್ಕದ ಪುಸ್ತಕ ಇಡಬೇಕು, ಆದಾಯ ವಿನಾಯಿತಿ ಮಿತಿ ದಾಟಿದ್ದರೆ ಆಡಿಟ್ ಆಗಬೇಕು. ಎರಡನೇ ವರ್ಷ ಆ ದಾರಿಗೆ ಹೋದರು. ಆಡಿಟ್ ಫೀಸು ಪ್ಯಾಕೇಜ್ ದರ ಕಟ್ಟುವಾಗ ಯಾರ ತಲೆಯಲ್ಲೂ ಇರಲ್ಲ.

ಈಗ ಎಲ್ಲಿಗೆ ಬಂದಿದೆ

ಎರಡನೇ ವರ್ಷದ ಕೊನೆಗೆ ತಿಂಗಳಿಗೆ ನಾಲ್ಕು ಸೈಟ್. ಅದಕ್ಕಿಂತ ಮೇಲೆ ಹೋಗಲಿಲ್ಲ. ಗಂಟೆ ಪಟ್ಟಿ ನೋಡಿದರೆ ಕಾರಣ ಗೊತ್ತಾಗುತ್ತದೆ: ಪರಿಶೀಲನೆ. ಡೆವಲಪರ್ ಕಳಿಸಿದ ಸೈಟನ್ನು ಮೇಘಾ ನೋಡದೆ ಗಿರಾಕಿಗೆ ಹೋಗಲ್ಲ, ಹೋಗಬಾರದು ಕೂಡ. ಒಮ್ಮೆ ಮ್ಯಾಪಿನ ಗುರುತು ಪಕ್ಕದ ಎಸ್ಟೇಟಿನ ಗೇಟಿಗೆ ಕೂತಿತ್ತು. ಮುಖ್ಯರಸ್ತೆಯಿಂದ ನಾಲ್ಕು ಕಿಲೋಮೀಟರ್ ಒಳಗೆ ಹೋಗಿ, ಕತ್ತಲಲ್ಲಿ ಬೀಗ ಹಾಕಿದ ಗೇಟಿನ ಮುಂದೆ ನಿಂತ ಅತಿಥಿಗಳು ಮಾಲೀಕರಿಗೆ ಫೋನ್ ಮಾಡೋಣ ಅಂದರೆ ಅಲ್ಲಿ ಸಿಗ್ನಲ್ ಇಲ್ಲ. ಆ ಎಸ್ಟೇಟಿನಲ್ಲಿ ಬಹಳ ಜಾಗಕ್ಕೆ ಒಂದೇ ವಿಳಾಸ, ಗುರುತು ತಾನಾಗಿಯೇ ಎಲ್ಲೋ ಕೂರುತ್ತದೆ. ಈಗ ಫೋಟೋಗ್ರಾಫರ್ ಗೇಟಿನ ಮುಂದೆ ನಿಂತು ಲೊಕೇಶನ್ ಕಳಿಸಬೇಕು, ಅದಿಲ್ಲದೆ ಅವನ ಕೆಲಸ ಮುಗಿಯಲ್ಲ.

ಹೀಗೆ ಒಂದೊಂದು ಎಡವಟ್ಟಿಗೂ ಒಂದೊಂದು ಸಾಲು ಸೇರಿ ಪರಿಶೀಲನೆ ಪಟ್ಟಿ ಬೆಳೆಯಿತು. ಮೊಬೈಲಿನಲ್ಲಿ ನಂಬರ್ ಒತ್ತಿದರೆ ಕರೆ ಹೋಗುತ್ತದೆಯೇ, ಎರಡೂ ಭಾಷೆಯಲ್ಲಿ ದರ ಒಂದೇ ಇದೆಯೇ, ನಿಧಾನ ನೆಟ್‌ವರ್ಕಿನಲ್ಲಿ ಮೊದಲ ಫೋಟೋ ಬರಲು ಎಷ್ಟು ಹೊತ್ತು. ಇಷ್ಟು ದಿನ ಅವರ ಕಣ್ಣಲ್ಲಿದ್ದದ್ದು ಈಗ ಕಾಗದದಲ್ಲಿದೆ. ಗಿರಾಕಿ ದುಡ್ಡು ಕೊಡುವುದು ಅದಕ್ಕೇ ಅಂತ ನನ್ನ ಅನಿಸಿಕೆ. ಸೈಟ್ ಕಟ್ಟಲು ಬೇಕಾದಷ್ಟು ಜನ ಇದ್ದಾರೆ.

ಗಿರಾಕಿ ಜೊತೆಗಿನ ಮೊದಲ ಮಾತನ್ನೂ ಬೇರೆಯವರಿಗೆ ಬಿಡಲು ನೋಡಿದರು. ಕಮಿಷನ್ ಮೇಲೆ ಒಬ್ಬರನ್ನು ಇಟ್ಟರು. ಅವರು ಪ್ಯಾಕೇಜಿನಲ್ಲಿ ಇಲ್ಲದ್ದನ್ನೆಲ್ಲ ಒಪ್ಪಿಕೊಂಡು ಬಂದರು, ಪೇಮೆಂಟ್ ಗೇಟ್‌ವೇ, ರೂಮ್ ಕ್ಯಾಲೆಂಡರ್, ರೀಲ್ಸ್ ಕೂಡ. ಎರಡು ತಿಂಗಳಿಗೆ ನಿಲ್ಲಿಸಿದರು. ಮಾತು ಇನ್ನೂ ಮೇಘಾ ಅವರದೇ.

ಪರಿಶೀಲನೆಯ ಮೊದಲ ಸುತ್ತನ್ನು ಮಾತ್ರ ಈಗ ಬರಹಗಾರ್ತಿಗೆ ಕೊಟ್ಟಿದ್ದಾರೆ, ಸೈಟಿಗೆ 2,500. ಹಿಂದೆ ಮುಗಿದ ಎರಡು ಸೈಟನ್ನು ಮೊದಲು ಅವರ ಕೈಗೆ ಕೊಟ್ಟು ಪಟ್ಟಿ ಹಿಡಿದು ನೋಡಿ ಅಂದರು. ಮೇಘಾ ಅವರೇ ಪಾಸು ಮಾಡಿದ್ದ ಒಂದರಲ್ಲಿ ಕನ್ನಡ ಪುಟದಲ್ಲಿ ಹಳೆ ದರ ಹಾಗೇ ಉಳಿದಿದ್ದನ್ನು ಅವರು ಹಿಡಿದರು. ಮುಂದಿನ ಸೀಸನ್ನಿಗೆ ತಿಂಗಳಿಗೆ ಐದು ಅಂತ ಬೋರ್ಡಿನಲ್ಲಿ ಬರೆದಿದ್ದಾರೆ.